ಓದುಗರ ಸ್ಪಂದನ: ಒಟ್ಟಿಗೆ ಕಲಿತವನಿಗೆ ಸರ್ ಅನ್ನಲೇ?

ಕುಮಟಾ ಕಡೆಯ ಓದುಗಿಯೊಬ್ಬರು ಕಳೆದ ಸಲ ತಮ್ಮ ಫಜೀತಿ ಬರೆದಿದ್ದರು. ಅವರು ಕಾಲೇಜೊಂದರ ಆಫೀಸಿನಲ್ಲಿ ಕ್ಲಾರ್ಕ್. ಶಾಲೆಯಲ್ಲಿ ಅವರ ಜೊತೆಗೇ ಕಲಿತ ಹುಡುಗ ಈಗ ಪಿಎಚ್‌.ಡಿ. ಮುಗಿಸಿ ಅದೇ ಕಾಲೇಜಿಗೆ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಬಂದಿದ್ದಾರೆ. ‘ಡಾಕ್ಟ್ರೇ’ ಅಂದರೆ ಸ್ಟಾಫ್‌ರೂಮಿನಲ್ಲಿ ನಗು. ಹೆಸರು ಹಿಡಿದು ‘ಬಾರೋ’ ಅಂದರೆ ವಿದ್ಯಾರ್ಥಿಗಳು ತಿರುಗಿ ನೋಡುತ್ತಾರೆ. ಏನೆಂದು ಕರೆಯಲಿ ಎಂಬುದು ಪ್ರಶ್ನೆ.

ಮೊದಲು ಬಂದ ಪತ್ರ, ಪೂರ್ತಿಯಾಗಿ:

‘ಕಾಲೇಜು ನಿಮ್ಮ ಮನೆ ಜಗಲಿ ಅಲ್ಲ. ಸರ್ ಅನ್ನಿ. ಇದಕ್ಕೊಂದು ಪತ್ರ ಬೇಕಿತ್ತಾ?’
– ಕಾರವಾರ

ಶಿರಸಿಯ ನಿವೃತ್ತ ಮಾಸ್ತರರೊಬ್ಬರಿಗೆ ಸ್ವಲ್ಪ ಜಾಸ್ತಿ ತಾಳ್ಮೆ ಇದೆ.

‘ತಂಗಿ, ನೀನು ಬರೀ ಕರೆಯುವ ಹೆಸರಿನ ಮೇಲೆ ಕಣ್ಣಿಟ್ಟಿದ್ದೀಯ. ನಮ್ಮಲ್ಲಿ ಮರ್ಯಾದೆ ಇರುವುದು ಹೆಚ್ಚಾಗಿ ಕ್ರಿಯಾಪದದಲ್ಲಿ. “ಸರ್, ಫೈಲ್ ತಗೊಂಡು ಹೋಗು” ಅಂದು ನೋಡು, ಎಷ್ಟು ವಿಚಿತ್ರ. “ಫೈಲ್ ತಗೊಂಡು ಹೋಗಿ” ಅಂದರೆ ಸರ್ ಇಲ್ಲದೆಯೂ ಕೊರತೆ ಕಾಣುವುದಿಲ್ಲ. ಆದ್ದರಿಂದ ವಿದ್ಯಾರ್ಥಿಗಳ ಎದುರು “ನೀವು, ಬನ್ನಿ” ಗಟ್ಟಿಯಾಗಿರಲಿ. ಮಾತಿನ ಶುರುವಿಗೆ ಒಂದು ಸಲ ಸರ್ ಸಾಕು. ವಾಕ್ಯಕ್ಕೊಂದು ಸರ್ ಹಾಕಿದರೆ ಅಣಕಿಸಿದಂತೆ ಕೇಳುತ್ತದೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಬಾರೋ ಅನ್ನು, ಯಾರೂ ಬೇಡ ಅನ್ನುವುದಿಲ್ಲ.’

ಮುಂದಿನದು ಹೊನ್ನಾವರದ ವೈದ್ಯೆಯೊಬ್ಬರ ಪತ್ರ. ಉದ್ದ ಇದೆ. ನಾವು ಕತ್ತರಿ ಹಾಕಲಿಲ್ಲ.

‘ನಿಮ್ಮ ಓದುಗಿಯ ಕಷ್ಟ ಓದಿ ನನ್ನ ಹಳೆಯ ಸಿಟ್ಟು ಮೇಲೆ ಬಂತು. ನನ್ನದು ಉಲ್ಟಾ ಕತೆ. ವಾರ್ಡಿನಲ್ಲಿ ನಾನು ಸ್ಟೆತೊಸ್ಕೋಪ್ ಹಾಕಿಕೊಂಡು ನಿಂತಿರುತ್ತಿದ್ದೆ, ಪಕ್ಕದಲ್ಲಿ ನನ್ನ ಕೈಕೆಳಗೆ ಕಲಿಯುವ ಹುಡುಗ. ರೋಗಿಯ ಕಡೆಯವರು ಅವನಿಗೆ “ಡಾಕ್ಟ್ರೇ” ಅನ್ನುವರು, ನನಗೆ “ಸಿಸ್ಟರ್, ದೊಡ್ಡ ಡಾಕ್ಟ್ರು ಯಾವಾಗ ಬರ್ತಾರೆ?” ಅನ್ನುವರು. ಪಾಪ, ಅವರ ಮೇಲೆ ನನಗೆ ಕೋಪವಿಲ್ಲ. ನರ್ಸ್ ಕೆಲಸ ಕಡಿಮೆ ಅಂತಲೂ ಅಲ್ಲ. ಹಾಲಕ್ಕಿ ಅಜ್ಜಿಯೊಬ್ಬರು ನನ್ನನ್ನು ಕೊನೆತನಕ “ತಂಗಿ” ಅಂತಲೇ ಕರೆದರು. ಆದರೆ ನಾನು ಬರೆದ ಮಾತ್ರೆಯನ್ನು ಒಂದು ದಿನವೂ ಬಿಡಲಿಲ್ಲ. ಆ ತಂಗಿ ನನಗೆ ಯಾವತ್ತೂ ಚುಚ್ಚಲಿಲ್ಲ.

ಚುಚ್ಚಿದ್ದು ಓದಿದವರು. ಶಿಬಿರವೊಂದರ ವೇದಿಕೆಯಲ್ಲಿ ನಿರೂಪಕರು “ಡಾಕ್ಟರ್ ಹೆಗಡೆಯವರು, ಡಾಕ್ಟರ್ ನಾಯ್ಕರು” ಅಂತ ಹೇಳುತ್ತಾ ಬಂದು, ನನ್ನ ಸರದಿಗೆ ಬರೀ ಹೆಸರು ಹೇಳಿ “ಮೇಡಂ” ಅಂದುಬಿಟ್ಟರು. ಮೂವರದ್ದೂ ಒಂದೇ ಡಿಗ್ರಿ. ಒಬ್ಬೊಬ್ಬರನ್ನೇ ಕರೆದಾಗ ಇದು ಗೊತ್ತಾಗುವುದಿಲ್ಲ, ಸಾಲಾಗಿ ಕರೆದಾಗ ಗೊತ್ತಾಗುತ್ತದೆ. ಎಲ್ಲರಿಗೂ ಡಾಕ್ಟರ್ ಹೇಳಿ, ಇಲ್ಲ ಯಾರಿಗೂ ಬೇಡ. ನಿಮ್ಮ ಓದುಗಿಗೂ ಇದನ್ನೇ ಹೇಳುತ್ತೇನೆ. ಆ ಸ್ಟಾಫ್‌ರೂಮಿನಲ್ಲಿ ಉಳಿದವರನ್ನು ಏನನ್ನುತ್ತಾರೋ ಗೆಳೆಯನಿಗೂ ಅದನ್ನೇ ಅನ್ನಲಿ. ಅವನಿಗೆ ಮಾತ್ರ ಸ್ಪೆಷಲ್ ಡಾಕ್ಟ್ರೇ ಅಂದದ್ದಕ್ಕೇ ನಗು ಬಂದಿರಬೇಕು. ನಾಳೆ ಅಲ್ಲಿಗೆ ಹೆಣ್ಣುಮಗಳೊಬ್ಬಳು ಪಿಎಚ್‌.ಡಿ. ಮಾಡಿ ಬಂದರೆ ಅವಳನ್ನು ಏನನ್ನುತ್ತಾರೆ, ಅದನ್ನೂ ಬರೆಯಲಿ.’

ಸಾಲಿನ ಮಾತು ನಮಗೂ ಸರಿ ಕಂಡಿತು. ಧಾರವಾಡದಲ್ಲಿ ಓದುತ್ತಿರುವ ಅಂಕೋಲೆಯ ಹುಡುಗನ ಪತ್ರ ಕಾಗದ, ಇಮೇಲ್ ಕಡೆ ಹೊರಳಿದೆ. ಉಪಯೋಗಕ್ಕೆ ಬಂದೀತು.

‘ಬಾಯಲ್ಲಿ “ಹೆಗಡೆ ಸರ್” ಚೆನ್ನಾಗಿದೆ. ಇಂಗ್ಲಿಷಿನಲ್ಲಿ ಹೊರದೇಶದವರಿಗೆ ಬರೆಯುವಾಗ ಹೆಸರಿನ ಜೊತೆ ಸರ್ ಅಂಟಿಸಬಾರದು. ಅಲ್ಲಿ “ಡಿಯರ್ ಡಾಕ್ಟರ್” ಆದ ಮೇಲೆ ಮನೆತನದ ಹೆಸರು. ಡಾಕ್ಟರ್ ಅನ್ನುವುದು ಡಿಗ್ರಿ, ಪ್ರೊಫೆಸರ್ ಅನ್ನುವುದು ಹುದ್ದೆ. ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಅಸಿಸ್ಟೆಂಟ್ ಪ್ರೊಫೆಸರಿಗೂ “ಪ್ರೊ.” ಹಾಕುತ್ತಾರೆ. ಪಿಎಚ್‌.ಡಿ. ಆಗಿದ್ದರೆ “ಡಾ.” ಹಾಕುವುದು ಹೆಚ್ಚು ಸರಿ, ಅದರ ಹಿಂದೆ ಮತ್ತೆ “ಶ್ರೀ” ಬೇಡ. ಇನ್ನೊಂದು. ನಮ್ಮ ಜಿಲ್ಲೆಯ ಕಾಲೇಜಿನಲ್ಲಿ ಹೆಗಡೆ ಸರ್ ಅಂದರೆ ನಾಲ್ಕು ಜನ ತಿರುಗುತ್ತಾರೆ. ಅದಕ್ಕೇ ಎಲ್ಲರೂ ಇನಿಶಿಯಲ್ ಹಿಡಿದು “ಜಿ.ಎಸ್. ಸರ್” ಅನ್ನುವುದು. ಅಕ್ಕನಿಗೆ ಅದೂ ಒಂದು ದಾರಿ. ಗೆಳೆಯನ ಹೆಸರಿನ ತುಂಡೂ ಉಳಿಯುತ್ತದೆ, ಸರ್ ಕೂಡ ಇರುತ್ತದೆ.’

ಇನಿಶಿಯಲ್ ಹಿಡಿಯುವ ಮುಂಚೆ ಅವರನ್ನೇ ಒಂದು ಮಾತು ಕೇಳಬಹುದು ಅಲ್ವಾ? ಹಾಗಂತ ಯಾರೂ ಬರೆದಿಲ್ಲ. ಕೊನೆಗೆ ಸಿದ್ದಾಪುರದ ಗೃಹಿಣಿಯೊಬ್ಬರ ಪತ್ರ. ಪ್ರಶ್ನೆಗೂ ಇದಕ್ಕೂ ಸಂಬಂಧ ಕಮ್ಮಿ, ಬಿಡಲು ಮನಸ್ಸಾಗಲಿಲ್ಲ.

‘ಡಾಕ್ಟರು ನಮ್ಮ ಯಜಮಾನರು. ನಾನು ಓದಿದ್ದು ಕಾಮರ್ಸ್. ಮದುವೆಯಾಗಿ ಬಂದ ದಿನದಿಂದ ಊರಿಗೆಲ್ಲ ನಾನು “ಡಾಕ್ಟ್ರಮ್ಮ”. ಯಜಮಾನರು ಊರಲ್ಲಿ ಇಲ್ಲದಾಗ ಬಂದು, “ನೀವೇ ಒಂದು ಮಾತ್ರೆ ಕೊಡಿ ಡಾಕ್ಟ್ರಮ್ಮ” ಅನ್ನುತ್ತಾರೆ. ಕೊಡುವುದಿಲ್ಲ ಅಂದರೆ ಸೊಕ್ಕು ಅನ್ನುತ್ತಾರೆ. ನನಗೆ ಯಾರಾದರೂ ಹೆಸರು ಹಿಡಿದು ಕರೆದರೆ ಸಾಕಾಗಿದೆ.’