ರಾಜೀನಾಮೆ ಪತ್ರಕ್ಕೆ ವ್ಯವಸ್ಥಾಪಕರ ಉತ್ತರ ಹೇಗಿರಬೇಕು?

ಪ್ರಶ್ನೆ: ನಮ್ಮ ಲೆಕ್ಕಪತ್ರ ತಂಡದ ಹಿರಿಯ ಸಹೋದ್ಯೋಗಿಯೊಬ್ಬರು ಜೂನ್ 3ರಂದು ಇಮೇಲ್‌ನಲ್ಲಿ ರಾಜೀನಾಮೆ ಕೊಟ್ಟಿದ್ದಾರೆ. ನೋಟಿಸ್ ಅವಧಿ 30 ದಿನ. ತಿಂಗಳ ಕೊನೆಯ ಲೆಕ್ಕ ಮುಗಿಸುವ ಕೆಲಸವೆಲ್ಲ ಅವರೊಬ್ಬರ ಕೈಯಲ್ಲೇ ಇದೆ. ಇಂಥ ಪತ್ರಕ್ಕೆ ನಾನು ಉತ್ತರ ಬರೆಯುತ್ತಿರುವುದು ಇದೇ ಮೊದಲು. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮಾನವ ಸಂಪನ್ಮೂಲ ವಿಭಾಗದವರೊಬ್ಬರು: ಮೊದಲು ಅವರ ನೇಮಕಾತಿ ಪತ್ರವನ್ನು ತೆಗೆದು ಓದಿ. ನೋಟಿಸ್ ಅವಧಿಯನ್ನು ಸಾಮಾನ್ಯವಾಗಿ ರಾಜೀನಾಮೆ ಕೈಸೇರಿದ ದಿನದಿಂದ ಲೆಕ್ಕ ಹಾಕುತ್ತಾರೆ, ನೀವು ಉತ್ತರ ಬರೆದ ದಿನದಿಂದಲ್ಲ. ಆದರೆ ಪತ್ರ ಕೊಟ್ಟ ದಿನವೂ ಎಣಿಕೆಗೆ ಸೇರುತ್ತದೆಯೇ ಎಂಬುದರಲ್ಲಿಯೇ ಗೊಂದಲ ಹುಟ್ಟುತ್ತದೆ. ಸೇರಿದರೆ ಕೊನೆಯ ದಿನ ಜುಲೈ 2, ಸೇರದಿದ್ದರೆ ಜುಲೈ 3. ಆದ್ದರಿಂದ ‘30 ದಿನಗಳ ನಂತರ’ ಎಂದು ಬರೆಯದೆ ದಿನಾಂಕವನ್ನೇ ಬರೆಯಿರಿ. ನಾನು ಹೀಗೆ ಬರೆಯುತ್ತೇನೆ: ‘ಜೂನ್ 3ರಂದು ತಾವು ಕಳುಹಿಸಿದ ರಾಜೀನಾಮೆಯನ್ನು ಅಂಗೀಕರಿಸಲಾಗಿದೆ. ನೇಮಕಾತಿ ಪತ್ರದ ಷರತ್ತಿನಂತೆ ತಮ್ಮ ಸೇವೆಯ ಕೊನೆಯ ದಿನ ಜುಲೈ 3. ಇದರಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ದಯವಿಟ್ಟು ನಾಳೆಯೊಳಗೆ ತಿಳಿಸಿ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಅಂತಿಮ ವೇತನದ ಲೆಕ್ಕ ಈ ದಿನಾಂಕದ ಮೇಲೆಯೇ ನಿಂತಿರುವುದರಿಂದ ತಕರಾರು ಇದ್ದರೆ ಈಗಲೇ ಹೊರಬರುವುದು ಇಬ್ಬರಿಗೂ ಒಳ್ಳೆಯದು.

ಇನ್ನೊಬ್ಬರು: ಅವರ ಬಾಕಿ ರಜೆಯನ್ನು ನೋಟಿಸ್ ಅವಧಿಯಲ್ಲಿ ಕಳೆದುಬಿಟ್ಟರೆ ಬೇಗ ಬಿಡುಗಡೆ ಮಾಡಬಹುದಲ್ಲವೇ? ನಮ್ಮಲ್ಲಿ ಎಲ್ಲರಿಗೂ ಹಾಗೆಯೇ ಮಾಡುತ್ತಾರೆ.

ಮಾನವ ಸಂಪನ್ಮೂಲ ವಿಭಾಗದವರು: ಷರತ್ತು ಅವಕಾಶ ಕೊಟ್ಟಿದ್ದರೆ ಮಾಡಬಹುದು. ಕೆಲವು ಸಂಸ್ಥೆಗಳು ಬಾಕಿ ರಜೆಗೆ ಹಣ ಕೊಡುತ್ತವೆಯೇ ಹೊರತು ಅದನ್ನು ನೋಟಿಸ್ ಅವಧಿಗೆ ವಜಾ ಮಾಡಿಕೊಳ್ಳುವುದಿಲ್ಲ. ಇವರ ಸಂದರ್ಭದಲ್ಲಂತೂ ಬೇಗ ಬಿಟ್ಟರೆ ಜೂನ್ ತಿಂಗಳ ಲೆಕ್ಕವೇ ಅನಾಥವಾಗುತ್ತದೆ.

ಮತ್ತೊಬ್ಬರು: ನಾನು ರಾಜೀನಾಮೆ ಕೊಟ್ಟಾಗ ಮೇಲಧಿಕಾರಿಗಳು ವಾರಗಟ್ಟಲೆ ಉತ್ತರವನ್ನೇ ಕೊಡಲಿಲ್ಲ. ಹೊಸ ಕಚೇರಿಯವರು ಅಂಗೀಕಾರದ ಪತ್ರ ಕೇಳಿದಾಗ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ತಾವು ಕೇಳಿದ್ದಕ್ಕೆ ಇದು ನೇರ ಉತ್ತರವಲ್ಲದಿರಬಹುದು. ಆದರೂ ವಿವರಗಳೆಲ್ಲ ಸಿದ್ಧವಾಗಲಿ ಎಂದು ಕಾಯದೆ, ರಾಜೀನಾಮೆ ತಲುಪಿದೆ ಎಂಬ ಎರಡು ಸಾಲನ್ನಾದರೂ ಇಂದೇ ಕಳುಹಿಸಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಲೆಕ್ಕಪತ್ರ ವಿಭಾಗದ ಮುಖ್ಯಸ್ಥರೊಬ್ಬರು: ನಿಮ್ಮ ನಿಜವಾದ ತೊಡಕು ಕೆಲಸದ ಹಸ್ತಾಂತರದಲ್ಲಿದೆ. ಜೂನ್ 30ಕ್ಕೆ ತಿಂಗಳು ಮುಗಿದರೂ ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಬಿಲ್ಲು ಬಾರದ ಖರ್ಚುಗಳಿಗೆ ಅಂದಾಜು ನಮೂದು ಹಾಕುವುದು ಇವೆಲ್ಲ ಜುಲೈನ ಮೊದಲ ದಿನಗಳಲ್ಲಿ ನಡೆಯುವ ಕೆಲಸಗಳು. ಅವರು ಲ್ಯಾಪ್‌ಟಾಪ್ ಮರಳಿಸಿ, ಎಲ್ಲ ವಿಭಾಗಗಳಿಂದ ಬಾಕಿ ಇಲ್ಲವೆಂಬ ಸಹಿ ಪಡೆಯಲು ಓಡಾಡುವುದೂ ಅದೇ ದಿನಗಳಲ್ಲಿ. ‘ಕೊನೆಯ ವಾರದಲ್ಲಿ ಕೆಲಸ ವಹಿಸಿಕೊಡಿ’ ಎಂದು ಬರೆದರೆ ಎರಡೂ ಕೆಡುತ್ತವೆ.

ಹಾಗಾಗಿ ಮೇ ತಿಂಗಳ ಲೆಕ್ಕವನ್ನು ತಾಲೀಮಿಗೆ ಬಳಸಿಕೊಳ್ಳಿ. ಅದರ ಅಂತಿಮ ಮೊತ್ತ ಸಿದ್ಧವಾದ ಮೇಲೆ, ಕೆಲಸ ವಹಿಸಿಕೊಳ್ಳುವವರು ಜೂನ್ ನಡುವಿನಲ್ಲಿ ಅದರ ನಕಲು ಪ್ರತಿಯ ಮೇಲೆ ಮೊದಲಿನಿಂದ ಕೊನೆಯವರೆಗೆ ತಾವೇ ಮಾಡಲಿ, ಹೊರಡುವವರು ಪಕ್ಕದಲ್ಲಿ ಕುಳಿತು ನೋಡಲಿ. ಮೊತ್ತ ಕೂಡಿಬರದಿದ್ದರೆ, ಯಾವ ಸಾಲಿನಲ್ಲಿ ವ್ಯತ್ಯಾಸ ಬಂದಿದೆಯೋ ಅಲ್ಲಿ ಬರೆದಿಡದ ಹೆಜ್ಜೆಯೊಂದು ಉಳಿದಿರುವ ಸಾಧ್ಯತೆಯೇ ಹೆಚ್ಚು. ವರ್ಷಗಳಿಂದ ಮಾಡಿದವರಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನಿಸಿರುವುದಿಲ್ಲ. ಇಂಥ ಗ್ರಾಹಕರ ಪಾವತಿ ಎರಡು ಕಂತಿನಲ್ಲಿ ಬರುತ್ತದೆ, ಇಂಥ ಬಾಡಿಗೆಯ ಬಿಲ್ಲು ಸದಾ ತಡ ಎನ್ನುವಂಥವು ಯಾವ ಟಿಪ್ಪಣಿಯಲ್ಲೂ ಇರುವುದಿಲ್ಲ. ಜೂನ್ ಲೆಕ್ಕವನ್ನೂ ಹೊಸಬರೇ ಮುಗಿಸಲಿ. ಉತ್ತರದಲ್ಲಿ ಹೀಗೆ ಬರೆಯಬಹುದು: ‘ಜೂನ್ 20ರೊಳಗೆ ಮೇ ಲೆಕ್ಕದ ತಾಲೀಮು ಮುಗಿಯಬೇಕು. ಜೂನ್ ಲೆಕ್ಕವನ್ನು ತಮ್ಮ ಸಮ್ಮುಖದಲ್ಲಿ ಹೊಸಬರು ಮಾಡುತ್ತಾರೆ. ಅದಕ್ಕೆ ಬಿಡುವಾಗುವಂತೆ ತಮ್ಮ ದಿನನಿತ್ಯದ ಕೆಲಸಗಳನ್ನು ಜೂನ್ 10ರಿಂದ ಬೇರೆಯವರಿಗೆ ಹಂಚಲಾಗುವುದು.’ ಕೊನೆಯ ವಾಕ್ಯ ನಿಮ್ಮ ಹೊಣೆ. ಅದನ್ನು ನೀವು ನಡೆಸಿಕೊಡದೆ ಮೊದಲೆರಡನ್ನು ಅವರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಎರಡು ಸಾಲಿನ ಉತ್ತರವನ್ನು ಈಗಷ್ಟೇ ಕಳುಹಿಸಿದೆ. ಬ್ಯಾಂಕ್ ಪಾವತಿಗೆ ಒಪ್ಪಿಗೆ ಕೊಡುವ ಅವರ ಅಧಿಕಾರವನ್ನು ಈಗಲೇ ತೆಗೆಯಬೇಕೇ?

ಮಾನವ ಸಂಪನ್ಮೂಲ ವಿಭಾಗದವರು: ಈಗಲೇ ತೆಗೆದರೆ ಅಪನಂಬಿಕೆ ತೋರಿದಂತಾಗುತ್ತದೆ. ಕೊನೆಯ ದಿನ ಸಾಕು.

ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು: ನಾನು ಇದನ್ನು ಒಪ್ಪುವುದಿಲ್ಲ. ಜೂನ್ ಲೆಕ್ಕ ಹೊಸಬರದಾದರೆ ಒಪ್ಪಿಗೆಯ ಅಧಿಕಾರವೂ ಜೂನ್ ಕೊನೆಯೊಳಗೆ ವರ್ಗವಾಗಬೇಕು. ಲೆಕ್ಕ ನೋಡುವ ಅನುಮತಿ ಮಾತ್ರ ಜುಲೈ 3ರವರೆಗೆ ಇರಲಿ. ಕಾರಣವನ್ನು ಅವರ ಎದುರು ಕುಳಿತು ಹೇಳಿ, ಆಮೇಲೆ ಉತ್ತರದಲ್ಲಿ ಬರೆಯಿರಿ.