ಮಣ್ಣು ಪರೀಕ್ಷೆಯ ವರದಿ: ಪಿಎಚ್ 6.2 ಬಂದಿದೆ, ಯಾವ ಬೆಳೆ ಅಂತ ಬರೆಯಲಿ?

ಸವಿತಾ (ಪ್ರಶ್ನೆ): ಕೃಷಿ ಡಿಪ್ಲೊಮಾದ ಪ್ರಾಜೆಕ್ಟ್‌ಗೆ ಒಂದು ಎಕರೆ ಇಳಿಜಾರು ಹೊಲದ ಮಣ್ಣಿನ ವರದಿ ಬರೆಯುತ್ತಿದ್ದೇನೆ. ಆರು ಕಡೆ ಮಣ್ಣು ತೆಗೆದು, ಎಲ್ಲ ಬೆರೆಸಿ ಪಿಎಚ್ ನೋಡಿದೆ. 6.2 ಬಂತು. ತೇವಾಂಶ ನನ್ನ ಲೆಕ್ಕದಲ್ಲಿ 16.7 ಶೇಕಡಾ. ಜೊತೆಗಾರ್ತಿ ಅದೇ ತೂಕ ಇಟ್ಟುಕೊಂಡು 20 ಅಂತಾಳೆ. ಯಾರದು ಸರಿ? ಈ ಹೊಲಕ್ಕೆ ಯಾವ ಬೆಳೆ ಸೂಕ್ತ ಅಂತ ಬರೆಯಲಿ?

ಗಿರೀಶ್: 6.2 ಅಂದರೆ ಚೆನ್ನಾಗಿಯೇ ಇದೆ. 6ರಿಂದ 7ರ ಒಳಗೆ ಹೆಚ್ಚಿನ ಬೆಳೆ ಬರುತ್ತವೆ. ಹಾಗೆ ಬರೆದು ಮುಗಿಸಿ. ಕಮ್ಮಿ ಅನಿಸಿದರೆ ಸ್ವಲ್ಪ ಸುಣ್ಣ ಹಾಕಿ ಅಂತ ಸೇರಿಸಿ.

ಶೋಭಾ (ಮಣ್ಣು ಪ್ರಯೋಗಾಲಯ): ಸವಿತಾ, ಬೆಳೆ ವಿಷಯ ಆಮೇಲೆ ನೋಡೋಣ. ಮೊದಲು ಇದು ಹೇಳಿ. ಇಳಿಜಾರು ಹೊಲ ಅಂದಿರಿ. ಮೇಲಿನ ಮಣ್ಣು, ಕೆಳಗಿನ ಮಣ್ಣು ಒಂದೇ ಬಣ್ಣ ಇದೆಯಾ? ಕೈಯಲ್ಲಿ ಹಿಡಿದರೆ ಒಂದೇ ಥರ ಅನಿಸುತ್ತದಾ? ತೇವಾಂಶಕ್ಕೆ ಮಣ್ಣು ಎಲ್ಲಿಂದ ತೆಗೆದಿರಿ? ಡಬ್ಬಿಯ ತೂಕಗಳನ್ನೂ ಹಾಕಿ.

ಸವಿತಾ: ಇಲ್ಲ ಮೇಡಂ. ಮೇಲೆ ಕೆಂಪಗೆ ಗರಸು ಗರಸಾಗಿದೆ. ಕೆಳಗೆ ಕಪ್ಪು, ಒದ್ದೆಯಾದರೆ ಕೈಗೆ ಅಂಟುತ್ತದೆ. ತೇವಾಂಶದ ಮಣ್ಣು ಕೆಳಗಿನದು ಮಾತ್ರ. ಖಾಲಿ ಡಬ್ಬಿ 22 ಗ್ರಾಂ, ಹಸಿ ಮಣ್ಣು ಸೇರಿ 82, ಓವನ್‌ನಲ್ಲಿ ಒಣಗಿಸಿದ ಮೇಲೆ 72.

ಶೋಭಾ: ತೇವಾಂಶದ ಜಗಳ ಸುಲಭದ್ದು. ಹೋದ ನೀರು 10 ಗ್ರಾಂ. ನೀವು ಅದನ್ನು ಹಸಿ ಮಣ್ಣಿನ ತೂಕ 60ರಿಂದ ಭಾಗಿಸಿದಿರಿ, ಅವರು ಒಣ ಮಣ್ಣಿನ ತೂಕ 50ರಿಂದ ಭಾಗಿಸಿದರು. ಲೆಕ್ಕ ಎರಡೂ ತಪ್ಪಿಲ್ಲ. ಆದರೆ ಮಣ್ಣಿನ ಕೆಲಸದಲ್ಲಿ ಒಣ ತೂಕದ ಮೇಲೆ ಹೇಳುವುದೇ ರೂಢಿ. ಹಸಿ ತೂಕ ಇವತ್ತೊಂದು, ನಾಳೆಯೊಂದು. ಒಣ ತೂಕ ಬದಲಾಗುವುದಿಲ್ಲ. ವರದಿಯಲ್ಲಿ ಹೀಗೆ ಬರೆಯಿರಿ:

(82 − 72) ÷ (72 − 22) × 100 = 20

ಪಕ್ಕದಲ್ಲೇ 'ಒಣ ತೂಕದ ಆಧಾರದಲ್ಲಿ' ಅಂತ ಹಾಕಿ. ಓವನ್ 105 ಡಿಗ್ರಿ, ಎಷ್ಟು ಗಂಟೆ ಇಟ್ಟಿರಿ ಅನ್ನುವುದೂ ಇರಲಿ. ಸಾಮಾನ್ಯವಾಗಿ 24 ಗಂಟೆ ಇಡುತ್ತೇವೆ. ಮತ್ತೆ ತೂಗಿದಾಗ ತೂಕ ಇಳಿಯದಿದ್ದರೆ ಒಣಗಿದೆ ಅಂತ ಗೊತ್ತಾಗುತ್ತದೆ.

ನನಗೆ ಚಿಂತೆ ಇರುವುದು ಆ 6.2 ಬಗ್ಗೆ. ಕೆಂಪು ಮಣ್ಣನ್ನೂ ಕಪ್ಪು ಮಣ್ಣನ್ನೂ ಬೆರೆಸಿದ್ದೀರಿ. ಹಾಗೆ ಬೆರೆತ ಮಣ್ಣು ನಿಮ್ಮ ಬಕೆಟ್‌ನಲ್ಲಿ ಮಾತ್ರ ಇದೆ, ಹೊಲದಲ್ಲಿ ಎಲ್ಲೂ ಇಲ್ಲ. ಬೇರೆ ಬೇರೆ ಗುಂಡಿಯ ಮಣ್ಣು ಏನಾದರೂ ಉಳಿದಿದೆಯಾ?

ಪ್ರಕಾಶ್: ನನ್ನ ಕುಂಡದ ಗುಲಾಬಿಯ ಚಿಗುರೆಲೆ ಹಳದಿಯಾಗುತ್ತಿದೆ, ನರ ಮಾತ್ರ ಹಸಿರು. ಅದಕ್ಕೂ ಪಿಎಚ್ ಕಾರಣವಾ? ಸುಣ್ಣ ಹಾಕಲಾ?

ಶೋಭಾ: ಪ್ರಕಾಶ್ ಅವರೇ, ದಯವಿಟ್ಟು ಸುಣ್ಣ ಹಾಕಬೇಡಿ. ಹೊಸ ಎಲೆಯಲ್ಲಿ ಹೀಗಾದರೆ ಕಬ್ಬಿಣದ ಕೊರತೆ ಇರಬಹುದು. ಪಿಎಚ್ ಜಾಸ್ತಿ ಇದ್ದಾಗ ಅದು ಹೆಚ್ಚು. ಸುಣ್ಣ ಹಾಕಿದರೆ ಇನ್ನೂ ಕೆಡುತ್ತದೆ. ಮೊದಲು ಪಿಎಚ್ ಅಳೆದು, ಬೇರೆ ಪ್ರಶ್ನೆಯಾಗಿ ಹಾಕಿ.

ಸವಿತಾ: ಮೇಡಂ, ಪ್ರತಿ ಗುಂಡಿಯಿಂದ ಒಂದೊಂದು ಹಿಡಿ ಕವರಿನಲ್ಲಿ ಎತ್ತಿಟ್ಟಿದ್ದೆ! ನಿನ್ನೆ ನೋಡಿದೆ. ಮೇಲಿನ ಮೂರೂ 5.3ರ ಆಸುಪಾಸು. ಕೆಳಗಿನ ಮೂರೂ 7.4ರ ಆಸುಪಾಸು. 20 ಗ್ರಾಂ ಮಣ್ಣಿಗೆ 50 ಮಿಲಿ ಡಿಸ್ಟಿಲ್ಡ್ ನೀರು ಹಾಕಿದ್ದೆ.

ಗಿರೀಶ್: ಎರಡನ್ನೂ ಕೂಡಿ ಅರ್ಧ ಮಾಡಿದರೆ 6.35 ಅಲ್ವಾ? ನಿಮ್ಮ 6.2ಕ್ಕೆ ಹತ್ತಿರವೇ ಬಂತಲ್ಲ.

ಶೋಭಾ: ಹತ್ತಿರ ಬಂದದ್ದು ಆಕಸ್ಮಿಕ, ಗಿರೀಶ್. ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಇಲ್ಲಿ ವ್ಯತ್ಯಾಸ 2.1, ಅಂದರೆ ನೂರು ಪಟ್ಟಿಗೂ ಹೆಚ್ಚು. ಅದಲ್ಲದೆ ಜಿಗುಟು ಮಣ್ಣು ತನ್ನ ಪಿಎಚ್ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಗರಸು ಮಣ್ಣು ಬೇಗ ಬಿಟ್ಟುಕೊಡುತ್ತದೆ. ಹಾಗಾಗಿ ಬೆರೆಸಿದಾಗ ಎಷ್ಟು ಬರುತ್ತದೆ ಅಂತ ಸರಾಸರಿ ತೆಗೆದು ಹೇಳಲಾಗದು.

6ರಿಂದ 7 ಒಳ್ಳೆಯದು ಅಂದದ್ದು ಸರಿಯೇ. ಆದರೆ ಈ ಹೊಲದಲ್ಲಿ ಯಾವ ಗಿಡದ ಬೇರೂ 6.2ರ ಮಣ್ಣಿನಲ್ಲಿ ನಿಲ್ಲುವುದಿಲ್ಲ. 6.2 ನೋಡಿ ಹೊಲಕ್ಕೆಲ್ಲ ದ್ವಿದಳ ಬೆಳೆ ಹಾಕಿದರು ಅಂದುಕೊಳ್ಳಿ. 5.5ಕ್ಕಿಂತ ಕೆಳಗೆ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷವಾಗುತ್ತದೆ. ಮೇಲ್ಭಾಗದ ಗಿಡ ಕಿತ್ತು ನೋಡಿದರೆ ಬೇರು ಗಿಡ್ಡ, ತುದಿ ದಪ್ಪ, ಗಂಟುಗಳು ಬೆರಳೆಣಿಕೆಯಷ್ಟು. ಕೆಳಗೆ ಅದೇ ಬೀಜ ಚೆನ್ನಾಗಿ ಬಂದಿರುತ್ತದೆ. ಆಗ ಬೀಜ ಸರಿಯಿಲ್ಲ ಅಂತ ಬೈಯುತ್ತಾರೆ.

ಇನ್ನು ಇಡೀ ಹೊಲಕ್ಕೆ ಸುಣ್ಣ ಹಾಕಿದರೆ ಕೆಳಗಿನ 7.4 ಇನ್ನೂ ಏರಿ ಸತು, ಕಬ್ಬಿಣ ಗಿಡಕ್ಕೆ ಸಿಗದೇ ಹೋಗಬಹುದು. ಮೇಲ್ಭಾಗಕ್ಕೂ ಎಷ್ಟು ಸುಣ್ಣ ಬೇಕು ಅನ್ನುವುದು 5.3 ಅನ್ನುವ ಒಂದು ಅಂಕಿಯಿಂದ ತಿಳಿಯದು. ಅದಕ್ಕೆ ಸುಣ್ಣದ ಬೇಡಿಕೆಯ ಪರೀಕ್ಷೆ ಬೇರೆಯೇ ಇದೆ.

ಸವಿತಾ, ಸಾಧ್ಯವಾದರೆ ಮತ್ತೆ ಹೊಲಕ್ಕೆ ಹೋಗಿ. ಮೇಲೊಂದು, ಕೆಳಗೊಂದು, ಎರಡು ಮಾದರಿ ಮಾಡಿ. ಪ್ರತಿ ಭಾಗದಲ್ಲಿ ಅಡ್ಡಾದಿಡ್ಡಿ ನಡೆದು ಎಂಟು ಹತ್ತು ಕಡೆ ತೆಗೆಯಿರಿ. ಬದು, ಗೊಬ್ಬರದ ಗುಡ್ಡೆ, ಮರದ ಬುಡ ಬಿಡಿ. ಮೇಲಿನ ಕಸ ಸರಿಸಿ, ವಿ ಆಕಾರದಲ್ಲಿ 15 ಸೆಂಮೀ ಗುಂಡಿ ತೋಡಿ, ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೂ ಒಂದೇ ದಪ್ಪದ ಹೋಳು ಇಳಿಸಿ. ರಾಶಿ ಮಾಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಬಿಸಾಕಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ. ಇದನ್ನು ನೆರಳಲ್ಲಿ ಒಣಗಿಸಿ, 2 ಮಿಮೀ ಜರಡಿ ಹಿಡಿದು ಪಿಎಚ್ ನೋಡಿ. ತೇವಾಂಶದ ಮಣ್ಣು ಮಾತ್ರ ಹೊಲದಲ್ಲೇ ಮುಚ್ಚಳದ ಡಬ್ಬಿಗೆ ಹೋಗಬೇಕು. ಎರಡೂ ಭಾಗದಿಂದ ತೆಗೆಯಿರಿ.

ಸವಿತಾ: ಆಯಿತು ಮೇಡಂ. ಒಂದು ಅನುಮಾನ. ತೇವಾಂಶ 20 ಇದೆ ಅಂದರೆ ನೀರು ಸಾಕು ಅಂತ ಬರೆಯಬಹುದಾ?

ಶೋಭಾ: ಬೇಡ. ಜಿಗುಟು ಕಪ್ಪು ಮಣ್ಣಿನಲ್ಲಿ 20 ಇದ್ದರೂ ಗಿಡ ಬಾಡುವ ಹಂತಕ್ಕೆ ಹತ್ತಿರ ಇರಬಹುದು. ಮಣ್ಣು ನೀರನ್ನು ಬಿಗಿಯಾಗಿ ಹಿಡಿದಿರುತ್ತದೆ, ಬೇರಿಗೆ ಬಿಡುವುದಿಲ್ಲ. ಮರಳು ಹೆಚ್ಚಿರುವ ಮಣ್ಣಿನಲ್ಲಿ 10 ಇದ್ದರೂ ಅದು ಹಿಡಿಯಬಲ್ಲಷ್ಟು ನೀರು ತುಂಬಿದೆ ಅಂತಲೇ ಆಗಬಹುದು. ಅದೂ ಅಲ್ಲದೆ ಇದು ಒಂದು ದಿನದ ಅಳತೆ. ತೆಗೆದ ದಿನಾಂಕ, ಆಳ, ಕೊನೆಯ ಮಳೆ ಯಾವಾಗ ಬಂತು ಅನ್ನುವುದನ್ನು ಬರೆಯಿರಿ, ಅಷ್ಟು ಸಾಕು. ಬೆಳೆಯ ಮಾತು ನಾನಾದರೆ ಹೀಗೆ ಬರೆಯುತ್ತೇನೆ:

'ಮೇಲ್ಭಾಗ ಹುಳಿ ಮಣ್ಣು, ಪಿಎಚ್ 5.3 (ಮಣ್ಣು 1, ನೀರು 2.5). ಪಿಎಚ್ ಮಟ್ಟಿಗೆ ಆಲೂಗಡ್ಡೆ, ಗೆಣಸು ತಾಳಿಕೊಳ್ಳಬಲ್ಲವು. ದ್ವಿದಳ ಬೆಳೆಗೆ ಮೊದಲು ಸುಣ್ಣದ ಬೇಡಿಕೆ ಪರೀಕ್ಷಿಸಬೇಕು. ಕೆಳಭಾಗ ಪಿಎಚ್ 7.4. ಹತ್ತಿ, ಕಡಲೆಗೆ ಪಿಎಚ್ ಅಡ್ಡಿಯಲ್ಲ. ಲವಣಾಂಶ ಮತ್ತು ಪೋಷಕಾಂಶ ಪರೀಕ್ಷಿಸಿಲ್ಲ.'

ಕೊನೆಯ ವಾಕ್ಯ ಬಿಡಬೇಡಿ. ಪಿಎಚ್ 7.4 ಇದ್ದೂ ಉಪ್ಪು ಜಾಸ್ತಿ ಇರುವ ಮಣ್ಣು ಇರುತ್ತದೆ.

ನಾಗರಾಜ್: ನಾವು ನೀರಿನ ಬದಲು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅಳೆಯುತ್ತೇವೆ. ಮಳೆ, ಗೊಬ್ಬರದಿಂದ ಅಂಕಿ ಏರಿಳಿಯುವುದು ಕಮ್ಮಿ. ಇವರೂ ಹಾಗೇ ಮಾಡಲಿ.

ಶೋಭಾ: ಅದು ಒಳ್ಳೆಯ ವಿಧಾನವೇ ಸರ್. ಆದರೆ ಸಾಮಾನ್ಯವಾಗಿ ಅರ್ಧದಿಂದ ಒಂದು ಅಂಕಿ ಕಮ್ಮಿ ತೋರಿಸುತ್ತದೆ. ಇವರ ಬೆಳೆ ಪಟ್ಟಿ ನೀರಿನಲ್ಲಿ ಅಳೆದ ಪಿಎಚ್‌ದು. ಹಾಗಾಗಿ ಇವರು ನೀರಿನಲ್ಲೇ ನೋಡಲಿ.

ನಾಗರಾಜ್: ಎರಡರಲ್ಲೂ ಅಳೆದು ಎರಡನ್ನೂ ಬರೆದರೆ ಇನ್ನೂ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಸವಿತಾ: ನಡುವೆ ಕೆಂಪೂ ಅಲ್ಲದ ಕಪ್ಪೂ ಅಲ್ಲದ ಒಂದು ಪಟ್ಟಿ ಇದೆ ಮೇಡಂ. ಅದನ್ನು ಯಾವುದಕ್ಕೆ ಸೇರಿಸಲಿ?

ಶೋಭಾ: ಸದ್ಯಕ್ಕೆ ಯಾವುದಕ್ಕೂ ಬೇಡ. ಅಲ್ಲಿಂದ ಮೂರು ನಾಲ್ಕು ಕಡೆ ಬೇರೆ ಬೇರೆ ಕವರಿನಲ್ಲಿ ತನ್ನಿ. ಅಂಕಿ ಬಂದ ಮೇಲೆ ಇಲ್ಲೇ ಹಾಕಿ.