ಪದಚರ್ಚೆ: ‘ಕಾಂಟ್ರಾಸ್ಟ್’ಗೆ ಏನು ಬರೆಯಲಿ? ಸಂಜೆಯೊಳಗೆ ಬೇಕು

ವಿರಾಜಪೇಟೆಯಿಂದ:
ನಮ್ಮ ಬೆಳೆಗಾರರ ಗುಂಪಿನ ಹುಡುಗರು ಕಾಫಿ ಕೊಯ್ಲು, ಕಾಯಿಕೊರಕದ ಬಗ್ಗೆ ಫೋನಿನಲ್ಲಿ ಸರಿಸಿ ನೋಡುವ ಸ್ಲೈಡ್ ಮಾಡುತ್ತಾರೆ. ಅವರಿಗಾಗಿ ಒಂದು ಪುಟದ ನಿಯಮ ಬರೆಯುತ್ತಿದ್ದೇನೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟಿಗೆ ‘ಬಣ್ಣದ ಅಂತರ ಕನಿಷ್ಠ 4.5:1 ಇರಲಿ’ ಎಂದರೆ ಸರಿಯೇ? ಸಂಜೆ ಪ್ರಿಂಟಿಗೆ ಕೊಡಬೇಕು.

ಮೈಸೂರಿನಿಂದ:
‘ವ್ಯತಿರೇಕ’. ವಿ, ಅತಿ, ರಿಚ್: ಒಂದು ಇನ್ನೊಂದನ್ನು ಮೀರಿ ನಿಲ್ಲುವುದು. ಪದ ಇರುವಾಗ ಹುಡುಕಾಟ ಯಾಕೆ?

ಸೋಮವಾರಪೇಟೆಯಿಂದ:
ಅಲಂಕಾರಶಾಸ್ತ್ರವನ್ನು ತೋಟದ ಹುಡುಗರ ತಲೆಗೆ ಕಟ್ಟಬೇಡಿ ಸಾರ್. ‘ಎದ್ದುಕಾಣಿಕೆ’. ಅಪ್ಪಟ ಕನ್ನಡ.

ಮಡಿಕೇರಿಯಿಂದ:
ಪದ ಯಾವುದಾದರೂ ಇರಲಿ, ‘ಬಣ್ಣದ ಅಂತರ’ ಬೇಡ. ಆ ಲೆಕ್ಕ ಬಣ್ಣದ್ದಲ್ಲ, ಹೊಳಪಿನದು. ಹಣ್ಣಾದ ಕಾಫಿಯ ಕೆಂಪು #D32F2F ತೆಗೆದುಕೊಂಡು ಎಲೆಯ ಹಸಿರು #2E7D32 ಮೇಲೆ ಬರೆದು ನೋಡಿ. ಬಣ್ಣ ಅಜಗಜಾಂತರ, ಅನುಪಾತ ಮಾತ್ರ ಸುಮಾರು 1.03:1. ಕೆಂಪು-ಹಸಿರು ಗುರುತಿಸಲಾಗದವರಿಗೆ ಅಲ್ಲಿ ಅಕ್ಷರವೇ ಕಾಣದಿರಬಹುದು. ನಿಮ್ಮ ಹುಡುಗರು ಮೊದಲು ಆರಿಸುವುದು ಈ ಜೋಡಿಯನ್ನೇ! ಸ್ಲೈಡನ್ನು ಕಪ್ಪು-ಬಿಳುಪು ಮಾಡಿ ನೋಡಿದರೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಅದರ ಬದಲು ಬಿಳಿ ಅಕ್ಷರವನ್ನು ಕಡು ಹಸಿರು #1B5E20 ಮೇಲಿಟ್ಟರೆ 7.8 ದಾಟುತ್ತದೆ.

ಕುಶಾಲನಗರದಿಂದ:
ಅಕ್ಷರ ದೊಡ್ಡದಾದರೆ 3:1 ಸಾಕು ಅಂತ ಓದಿದ್ದೇನೆ. ದೊಡ್ಡದು ಮಾಡಿ, ಮುಗೀತು.

ಮಡಿಕೇರಿಯಿಂದ:
ಅರ್ಧ ಸರಿ. ಆ ‘ದೊಡ್ಡದು’ ಫೋನಿನ ಮೇಲೆ 24 ಪಿಕ್ಸೆಲ್, ದಪ್ಪಕ್ಷರಕ್ಕೆ ಇನ್ನೂ ಸ್ವಲ್ಪ ಕಡಿಮೆ. ಸ್ಲೈಡಿನ ಅಗಲ 1080 ಪಿಕ್ಸೆಲ್, ಫೋನಿನದು 360 ಅಂದುಕೊಳ್ಳಿ. ಕಂಪ್ಯೂಟರಿನಲ್ಲಿ 30 ಇಟ್ಟ ಅಕ್ಷರ ಫೋನಿನಲ್ಲಿ 10 ಆಗುತ್ತದೆ, ಒತ್ತಕ್ಷರ ಕಲೆಯಂತೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಬರಹಕ್ಕೆ 48, ತಲೆಬರಹಕ್ಕೆ 72. ಎರಡೂ ಬದಿ 90 ಬಿಟ್ಟರೆ ಸಾಲಿಗೆ ಸುಮಾರು 20 ಅಕ್ಷರ ಹಿಡಿಯುತ್ತದೆ, ಅಂದರೆ ಮೂರ್ನಾಲ್ಕು ಪದ. ಪುಸ್ತಕದ ಸಾಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವಿಷಯ ಹಿಡಿಸದಿದ್ದರೆ ಅಕ್ಷರ ಕುಗ್ಗಿಸಬೇಡಿ, ಇನ್ನೊಂದು ಸ್ಲೈಡ್ ಮಾಡಿ.

ವಿರಾಜಪೇಟೆಯಿಂದ:
‘20 ಅಕ್ಷರ’ ಅಂದರೆ ‘ಸ್ತ್ರೀ’ ಒಂದೋ, ಮೂರೋ?

ಮಡಿಕೇರಿಯಿಂದ:
ಕಣ್ಣಿಗೆ ಒಂದೇ. ಸಾಫ್ಟ್‌ವೇರ್ ಎಣಿಕೆ ನಂಬಬೇಡಿ; ಒತ್ತು ಕೆಳಗಿಳಿಯುತ್ತದೆ, ಆದ್ದರಿಂದ ಸಾಲುಗಳ ನಡುವೆ ಜಾಗ ಮಾತ್ರ ಧಾರಾಳ ಕೊಡಿ. ನಾನು ಒಂದೂವರೆ ಪಟ್ಟು ಇಡುತ್ತೇನೆ.

ಮೂರ್ನಾಡಿನಿಂದ:
ನಮ್ಮ ಹೋಂಸ್ಟೇ ಬೋರ್ಡಿನಲ್ಲಿ ಹಳದಿ ಮೇಲೆ ಬಿಳಿ ಬರೆಸಿದ್ದೇವೆ, ಮಂಜಿನಲ್ಲಿ ಯಾರಿಗೂ ಕಾಣಲ್ಲ. ಅದಕ್ಕೂ 48 ಸಾಕಾ?

ಸೋಮವಾರಪೇಟೆಯಿಂದ:
ಬೋರ್ಡಿನ ವಿಚಾರ ಬೇರೆ, ಅಣ್ಣ. ‘ಎದ್ದುಕಾಣಿಕೆ’ಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಮಡಿಕೇರಿಯಿಂದ:
ಎದ್ದು ಕಾಣುವುದು ಫಲ, 4.5 ಅಳತೆ. ದಪ್ಪ ಅಕ್ಷರವೂ ಎದ್ದು ಕಾಣುತ್ತದೆ, ಅನುಪಾತ ಬದಲಾಗದೆಯೇ.

ಮೈಸೂರಿನಿಂದ:
ಹಾಗಾದರೆ ‘ಅನುಪಾತ’ ಸಂಸ್ಕೃತವಲ್ಲವೇ? ‘ಸ್ಲೈಡ್’, ‘ಪಿಕ್ಸೆಲ್’ ಒಪ್ಪಿದವರು ‘ವ್ಯತಿರೇಕ’ಕ್ಕೆ ಮಾತ್ರ ಮೂಗು ಮುರಿಯುವುದು ಸೋಜಿಗ.

ವಿರಾಜಪೇಟೆಯಿಂದ:
‘ಹೊಳಪಿನ ಅಂತರ’ ಎಂದು ಹಾಕಿ ಕಳಿಸುತ್ತಿದ್ದೇನೆ, ಪಕ್ಕದಲ್ಲಿ ಆ ಕೆಂಪು-ಹಸಿರು ಜೋಡಿಯ ಚಿತ್ರ ಇರುತ್ತದೆ. ಜಗಳ ಮುಂದುವರಿಸಿ.

ಸೋಮವಾರಪೇಟೆಯಿಂದ:
‘ಅಂತರ’ವೂ ಸಂಸ್ಕೃತವೇ.